ಮನೆಯವರೆಲ್ಲ ಅಂಗಾಂಗ ದಾನಕ್ಕೆ ಹೆಸರು ಕೊಟ್ಟಿದ್ದೇವೆ, ಫೋಟೋ ಕೆಳಗೆ ಏನು ಬರೆಯಲಿ?

ಶರಣು_ಗಂಜ್

ಕಲಬುರಗಿಯಿಂದ ನಮಸ್ಕಾರ. ಅಪ್ಪ, ಅವ್ವ, ನಾನು, ನನ್ನ ಹೆಂಡತಿ ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸಿದ್ದೇವೆ. ದೇಶದ ಅಂಗಾಂಗ ದಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನೊಟ್ಟೊದ ಸೈಟ್ notto.abdm.gov.in ನಲ್ಲಿ ಆಧಾರ್ ನಂಬರ್ ಹಾಕಿ, ಓಟಿಪಿ ಕೊಟ್ಟು, ಯಾವ ಯಾವ ಅಂಗ ಅಂತ ಟಿಕ್ ಮಾಡಿದರೆ ಆಯಿತು. ಕಾರ್ಡ್ ಪ್ರಿಂಟ್ ತೆಗೆಸಿ, ಕೈಯಲ್ಲಿ ಹಿಡಿದು ಮನೆ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಮಗನೂ ಓಡಿ ಬಂದು ನಿಂತ, ಒಂಬತ್ತನೇ ಕ್ಲಾಸ್ ಅವನು.

ಈಗ ಅದನ್ನು ಬೀಗರ ಗ್ರೂಪಿಗೆ, ಸ್ಟೇಟಸ್‌ಗೆ, ಫೇಸ್‌ಬುಕ್‌ಗೆ ಹಾಕಬೇಕು. ನಾಲ್ಕು ಜನಕ್ಕೆ ವಿಷಯ ಗೊತ್ತಾಗಲಿ ಅಂತ ಆಸೆ. ಆದರೆ ಉಪದೇಶ ಬೇಡ. ನಮ್ಮ ಗ್ರೂಪಿನಲ್ಲಿ ಬೆಳಗಾದರೆ ಸುವಿಚಾರ ಬರುತ್ತವೆ, ಯಾರೂ ಓದದೆ ಕೈಮುಗಿದ ಚಿತ್ರ ಹಾಕಿ ಮುಂದೆ ಹೋಗುತ್ತಾರೆ. ಇದೂ ಅದೇ ಲೆಕ್ಕಕ್ಕೆ ಹೋಗಬಾರದು.

ನಾನು ಬರೆದದ್ದು ಇಷ್ಟು:

"ನಮ್ಮ ಇಡೀ ಕುಟುಂಬ ಅಂಗಾಂಗ ದಾನದ ಪ್ರತಿಜ್ಞೆ ಮಾಡಿದೆ. ನಮ್ಮ ಸಾವಿನ ನಂತರ ಒಬ್ಬೊಬ್ಬರಿಂದ ಎಂಟು ಜನ ಬದುಕುತ್ತಾರೆ. ಮಣ್ಣಾಗುವ ದೇಹವನ್ನು ಸಾರ್ಥಕ ಮಾಡಿಕೊಳ್ಳಿ. ನೀವೂ ಮುಂದೆ ಬನ್ನಿ."

ಹೇಗಿದೆ? ಕೈ ಆಡಿಸಿ.

ಬಿಸಿಲೂರ_ಹುಡುಗ

ಕೊನೆಯ ಎರಡು ಸಾಲು ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಬರಹ ಓದಿದಂಗಾಯ್ತು. ತೆಗೆದುಬಿಡ್ರಿ.

ಮಾಸ್ತರ್_ಶಹಾಪುರ

ತಮ್ಮಾ, ಒಳ್ಳೆಯ ಕೆಲಸ. ಆದರೆ ಬರಹದಲ್ಲಿ ಒಂದಿಷ್ಟು ತೂಕ ಬೇಕು. ದಧೀಚಿ ಮುನಿ ತನ್ನ ಎಲುಬನ್ನೇ ಕೊಟ್ಟನಲ್ಲ, ಅಲ್ಲಿಂದ ಶುರು ಮಾಡಿ. ಆಮೇಲೆ ಶರಣರ ದಾಸೋಹಕ್ಕೆ ಬನ್ನಿ. ಓದುವವನಿಗೆ ಮನಸ್ಸು ಕರಗಬೇಕು.

ಬಿಸಿಲೂರ_ಹುಡುಗ

ಮಾಸ್ತರ್, ಅವರು ಉಪದೇಶ ಬೇಡ ಅಂತ ಮೊದಲೇ ಹೇಳಿದ್ದಾರೆ 🙏

ಐಸಿಯು_ಅಕ್ಕ

ನಾನು ಬೀದರ್‌ನವಳು, ಹೈದರಾಬಾದಿನಲ್ಲಿ ಐಸಿಯು ನರ್ಸ್. ಶರಣು ಅವರೇ, ಉಪದೇಶದ ಸಾಲು ಇರಲಿ, ತೆಗೆದರೆ ಹೋಯಿತು. ನನಗೆ ತೊಂದರೆ ಕಾಣುವುದು "ನಮ್ಮ ಸಾವಿನ ನಂತರ ಎಂಟು ಜನ" ಅನ್ನುವ ಸಾಲಿನಲ್ಲಿ.

ಎಂಟರ ಲೆಕ್ಕ ಸುಳ್ಳಲ್ಲ. ಹೃದಯ, ಎರಡು ಶ್ವಾಸಕೋಶ, ಲಿವರ್, ಎರಡು ಕಿಡ್ನಿ, ಪ್ಯಾಂಕ್ರಿಯಾಸ್, ಸಣ್ಣ ಕರುಳು. ಎಣಿಸಿದರೆ ಎಂಟು. ಆದರೆ ಇದು ಹೇಗೆ ಸತ್ತರೂ ಆಗುವ ಮಾತಲ್ಲ. ಮನೆಯಲ್ಲಿ ಎದೆನೋವು ಬಂದು ಹೋದರೆ, ವಯಸ್ಸಾಗಿ ಮಲಗಿದಲ್ಲೇ ಹೋದರೆ, ಹೃದಯ ನಿಂತ ಕೂಡಲೇ ರಕ್ತ ಓಡುವುದು ನಿಲ್ಲುತ್ತದೆ. ಕಿಡ್ನಿ, ಲಿವರ್ ಕೆಲವೇ ನಿಮಿಷದಲ್ಲಿ ಕೆಡಲು ಶುರುವಾಗುತ್ತವೆ. ಆಗ ಕೊಡಲು ಉಳಿಯುವುದು ಮುಖ್ಯವಾಗಿ ಕಣ್ಣು, ಹತ್ತಿರ ಸ್ಕಿನ್ ಬ್ಯಾಂಕ್ ಇದ್ದರೆ ಚರ್ಮ.

ದೊಡ್ಡ ಅಂಗಗಳು ಸಿಗುವುದು ನಮ್ಮಲ್ಲಿ ಹೆಚ್ಚು ಕಡಿಮೆ ಒಂದೇ ಸಂದರ್ಭದಲ್ಲಿ. ತಲೆಗೆ ಭಾರಿ ಪೆಟ್ಟು ಬಿದ್ದೋ, ಮಿದುಳಲ್ಲಿ ರಕ್ತಸ್ರಾವ ಆಗಿಯೋ ಮಿದುಳಿನ ಕಾಂಡ ಸತ್ತಿರುತ್ತದೆ. ಮನುಷ್ಯ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಇರುತ್ತಾನೆ. ಹೃದಯ ಇನ್ನೂ ಬಡಿಯುತ್ತಿರುತ್ತದೆ. ಆ ಕಿಟಕಿ ಸಣ್ಣದು.

ತೊಗರಿ_ಕಣಜ

ಸುಮ್ನೆ ಹೆದರಿಸಬೇಡಿ ಅಕ್ಕಾ. ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದಲೇ ಹೋದರು. ಅವರದು ತೆಗೆದುಕೊಂಡರಲ್ಲ.

ಐಸಿಯು_ಅಕ್ಕ

ಕಣ್ಣು ತೆಗೆದುಕೊಂಡರು, ಕಣ್ಣು ಮಾತ್ರ. ಅದು 2021ರ ಅಕ್ಟೋಬರ್. ಕಾರ್ನಿಯಾದ ಮುಂದಿನ ಪದರ, ಹಿಂದಿನ ಪದರ ಬೇರೆ ಮಾಡಿ ಇಬ್ಬರ ಬದಲು ನಾಲ್ವರಿಗೆ ಹಾಕಿದರು. ಅದೇ ವರ್ಷ ಜೂನ್‌ನಲ್ಲಿ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಹೋದರು. ಅವರದು ತಲೆಗೆ ಪೆಟ್ಟು, ಮಿದುಳು ಸತ್ತಿತ್ತು, ಐಸಿಯುನಲ್ಲಿದ್ದರು. ಹಾಗಾಗಿ ಮನೆಯವರು ಒಪ್ಪಿದ ಮೇಲೆ ಅಂಗಾಂಗವನ್ನೇ ಕೊಡಲು ಆಯಿತು. ಇಬ್ಬರದೂ ದಾನವೇ. ಸತ್ತ ರೀತಿ ಬೇರೆ, ಕೊಡಲು ಆದದ್ದೂ ಬೇರೆ.

ಶರಣು_ಗಂಜ್

ಅಪ್ಪನಿಗೆ ಎಪ್ಪತ್ತು ದಾಟಿದೆ, ಶುಗರ್ ಬೇರೆ. ಹಾಗಾದರೆ ಅವರ ಕಾರ್ಡ್ ಸುಮ್ನೆ ಶೋಕಿಗಾ?

ಐಸಿಯು_ಅಕ್ಕ

ಅಲ್ಲ. ಕಣ್ಣಿಗೆ ವಯಸ್ಸಿನ ಮಿತಿ ಇಲ್ಲ. ಶುಗರ್ ಇದ್ದವರು, ಕನ್ನಡಕದವರು, ಪೊರೆ ಆಪರೇಷನ್ ಆದವರು ಎಲ್ಲರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬಿಸ್, ಮೈಯೆಲ್ಲ ನಂಜಾದದ್ದು, ಇಂಥವಿದ್ದರೆ ತೆಗೆದುಕೊಳ್ಳುವುದಿಲ್ಲ. ಕಿಡ್ನಿ, ಲಿವರ್ ಆಗುತ್ತದೋ ಇಲ್ಲವೋ ಆ ಹೊತ್ತಿಗೆ ಪರೀಕ್ಷೆ ಮಾಡಿ ಹೇಳುತ್ತಾರೆ. ಈಗಲೇ ನಾವು ನಾವೇ "ಅಪ್ಪಂದು ಬರಲ್ಲ" ಅಂತ ತೀರ್ಪು ಕೊಡುವುದು ಬೇಡ.

ಮಾಸ್ತರ್_ಶಹಾಪುರ

ನಮ್ಮ ತಂದೆಯವರ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಟ್ಟೆವು. ಅಲ್ಲಿ ಇಷ್ಟೆಲ್ಲ ಕಟ್ಟಳೆ ಇರಲಿಲ್ಲವಲ್ಲ. ಅನಾಟಮಿ ವಿಭಾಗಕ್ಕೆ ಪತ್ರ ಬರೆದುಕೊಟ್ಟಿದ್ದರು, ತೀರಿಕೊಂಡ ದಿನ ನಾವೇ ಗಾಡಿ ಮಾಡಿ ತಲುಪಿಸಿದೆವು. ಡೆತ್ ಸರ್ಟಿಫಿಕೇಟ್, ಆಧಾರ್, ಅಷ್ಟೇ.

ಐಸಿಯು_ಅಕ್ಕ

ಅದು ದೇಹದಾನ ಮಾಸ್ತರ್. ಹುಡುಗರು ಓದಲಿಕ್ಕೆ. ಇದರ ಕಾಯ್ದೆ ಬೇರೆ, ಕಾಗದ ಬೇರೆ. ಒಂದು ನೆನಪಿಡಿ, ಕಣ್ಣು ತೆಗೆದರೂ ದೇಹವನ್ನು ಕಾಲೇಜಿನವರು ತೆಗೆದುಕೊಳ್ಳುತ್ತಾರೆ. ಆದರೆ ಕಿಡ್ನಿ, ಲಿವರ್ ತೆಗೆದ ದೇಹ, ಪೋಸ್ಟ್‌ಮಾರ್ಟಂ ಆದ ದೇಹ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ.

ಭೀಮು_ಯಾದಗಿರಿ

ಸರ್ ನಮ್ಮ ತಮ್ಮನಿಗೆ ಕಿಡ್ನಿ ಬೇಕಾಗಿದೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಬಿ ಪಾಸಿಟಿವ್. ನೀವು ಕುಟುಂಬದವರು ದಾನ ಮಾಡಿದ್ದೀರಿ ಅಂತ ನೋಡಿದೆ. ದಯಮಾಡಿ ತಿಳಿಸಿ.

ಶರಣು_ಗಂಜ್

ಭೀಮು ಅಣ್ಣಾ, ನಾವು ಈಗ ಕೊಟ್ಟಿಲ್ಲ, ಸತ್ತ ಮೇಲೆ ಕೊಡಲು ಹೆಸರು ಬರೆಸಿದ್ದೇವೆ ಅಷ್ಟೇ. ಅದು ಯಾರಿಗೆ ಅಂತ ನಾವು ಆರಿಸುವ ಹಾಗೂ ಇಲ್ಲ. ಐಸಿಯು ಅಕ್ಕ, ಇವರಿಗೆ ದಾರಿ ಹೇಳ್ತೀರಾ?

ಬಿಸಿಲೂರ_ಹುಡುಗ

ನೋಡಿದಿರಾ, ಫೋಟೋ ಹಾಕುವ ಮೊದಲೇ ಒಬ್ಬರು ತಪ್ಪು ತಿಳಿದುಕೊಂಡರು. "ದಾನ ಮಾಡಿದ್ದೇವೆ" ಅಂತ ಎಲ್ಲೂ ಬರೆಯಬೇಡಿ. "ಹೆಸರು ಕೊಟ್ಟಿದ್ದೇವೆ" ಅನ್ನಿ.

ಐಸಿಯು_ಅಕ್ಕ

ಭೀಮು ಅಣ್ಣಾ, ಸತ್ತವರಿಂದ ಸಿಗುವ ಕಿಡ್ನಿಗೆ ಪಟ್ಟಿ ಇದೆ. ನಮ್ಮ ರಾಜ್ಯದಲ್ಲಿ ಅದನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ. ನೀವು ನೇರವಾಗಿ ಹೆಸರು ಹಚ್ಚಲು ಬರುವುದಿಲ್ಲ, ಕಸಿ ಮಾಡುವ ಆಸ್ಪತ್ರೆಯವರೇ ತಮ್ಮನನ್ನು ಪರೀಕ್ಷೆ ಮಾಡಿ ಹಚ್ಚುತ್ತಾರೆ. ಡಯಾಲಿಸಿಸ್ ಮಾಡುವ ಡಾಕ್ಟರ್‌ಗೆ "ಟ್ರಾನ್ಸ್‌ಪ್ಲಾಂಟ್ ಆಸ್ಪತ್ರೆಗೆ ರೆಫರ್ ಮಾಡಿ" ಅಂತ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕಡೆಯಿಂದ ನೆರವು ಸಿಗುತ್ತದೆ, ಅದನ್ನೂ ವಿಚಾರಿಸಿ. ಪಟ್ಟಿ ಉದ್ದ ಇದೆ. ಮನೆಯಲ್ಲಿ ಯಾರಾದರೂ ಕೊಡಲು ಆಗುತ್ತದಾ ಅಂತ ಜೊತೆಜೊತೆಗೇ ನೋಡಿ.

ಹೊಸ_ಖಾತೆ_ಕಲಬುರಗಿ

ಭೀಮು ಸರ್ ಇನ್‌ಬಾಕ್ಸ್‌ಗೆ ಬನ್ನಿ, ಡೋನರ್ ಇದ್ದಾರೆ.

ತೊಗರಿ_ಕಣಜ

ಹೋಗಬೇಡಿ ಭೀಮು. ಅಂಗ ಮಾರುವುದು, ಕೊಳ್ಳುವುದು ಎರಡೂ ಅಪರಾಧ. ಐದು ವರ್ಷಕ್ಕೆ ಕಡಿಮೆ ಇಲ್ಲ, ಹತ್ತು ವರ್ಷದವರೆಗೆ ಜೈಲು, ದಂಡ ಇಪ್ಪತ್ತು ಲಕ್ಷದಿಂದ ಶುರು. ಹೊಸ ಖಾತೆಯ ಬಗ್ಗೆ ಅಡ್ಮಿನ್‌ಗೆ ರಿಪೋರ್ಟ್ ಮಾಡಿದ್ದೇನೆ.

ಅದಿರಲಿ, ಶರಣು ಅವರ ಬರಹಕ್ಕೆ ಒಂದು ಸಾಲು ಸೇರಿಸಿ: "ಕಾರ್ಡ್ ಜೇಬಿನಲ್ಲಿರಲಿ, ಅದಿದ್ದರೆ ಯಾರ ಅನುಮತಿಯೂ ಬೇಡ." 1994ರ ಅಂಗಾಂಗ ಕಸಿ ಕಾಯ್ದೆಯಲ್ಲೇ ಇದೆ. ಬದುಕಿದ್ದಾಗ ಸಾಕ್ಷಿಗಳ ಮುಂದೆ ಬರೆದುಕೊಟ್ಟಿದ್ದರೆ ಸಾಕು.

ಸುವರ್ಣಾ_ಹುಮನಾಬಾದ್

ಇದು ಬರೆಯಬೇಡಿ. ನಮ್ಮ ಭಾವನ ವಿಷಯದಲ್ಲಿ ನೋಡಿದ್ದೇನೆ, ಹೇಳುತ್ತೇನೆ.

ಅಕ್ಕನ ಗಂಡ ಬೈಕ್‌ನಲ್ಲಿ ಹೊಲದಿಂದ ಬರುವಾಗ ಹೆದ್ದಾರಿಯಲ್ಲಿ ಬಿದ್ದರು. ಹೆಲ್ಮೆಟ್ ಇರಲಿಲ್ಲ. ಮೊದಲು ಬೀದರ್, ಅಲ್ಲಿಂದ ಅದೇ ರಾತ್ರಿ ಹೈದರಾಬಾದಿನ ಒಂದು ಖಾಸಗಿ ಆಸ್ಪತ್ರೆ. ಎರಡು ದಿನ ವೆಂಟಿಲೇಟರ್. ಮೂರನೇ ದಿನ ಡಾಕ್ಟರ್ ಅಕ್ಕನನ್ನು, ನನ್ನನ್ನು ಕೂರಿಸಿ, ಮಿದುಳು ಕೆಲಸ ಮಾಡುತ್ತಿಲ್ಲ ಅಂತ ಅನುಮಾನ, ಪರೀಕ್ಷೆ ಮಾಡುತ್ತೇವೆ ಅಂದರು. ನಾನು ಹಟ ಹಿಡಿದು ಒಳಗೆ ನಿಂತೆ. ಕಣ್ಣಿಗೆ ಟಾರ್ಚ್ ಬಿಟ್ಟರು, ಪಾಪೆ ಅಲುಗಲಿಲ್ಲ. ಹತ್ತಿಯ ತುದಿ ಕಣ್ಣಿಗೆ ಮುಟ್ಟಿಸಿದರು, ರೆಪ್ಪೆ ಮಿಟುಕಲಿಲ್ಲ. ಕಿವಿಯೊಳಗೆ ಐಸ್‌ನಂಥ ನೀರು ಹಾಕಿದರು. ಗಂಟಲ ಪೈಪಿನೊಳಗೆ ಸಣ್ಣ ನಳಿಕೆ ಬಿಟ್ಟರು, ಕೆಮ್ಮು ಇಲ್ಲ. ಕೊನೆಗೆ ವೆಂಟಿಲೇಟರ್ ಬಿಡಿಸಿ ಬರೀ ಆಮ್ಲಜನಕ ಕೊಟ್ಟು ಎದೆ ಮೇಲೆಯೇ ಕಣ್ಣಿಟ್ಟು ನಿಂತರು. ಎದೆ ಏಳಲಿಲ್ಲ. ಮತ್ತೆ ವೆಂಟಿಲೇಟರ್ ಹಚ್ಚಿದರು.

ಆರು ಗಂಟೆ ಬಿಟ್ಟು ಇದೆಲ್ಲ ಇನ್ನೊಂದು ಸಲ ಮಾಡಿದರು. ನಾಲ್ಕು ಡಾಕ್ಟರ್‌ಗಳ ಸಹಿ. ಅದಾದ ಮೇಲೆಯೇ ಒಬ್ಬ ಕೋಆರ್ಡಿನೇಟರ್ ಹೆಣ್ಣುಮಗಳು ಬಂದು ದಾನದ ಮಾತು ತೆಗೆದಳು.

ಭಾವ ಎರಡು ವರ್ಷದ ಹಿಂದೆ ಕ್ಯಾಂಪ್ ಒಂದರಲ್ಲಿ ಕಾರ್ಡ್ ಮಾಡಿಸಿದ್ದರು. ಕಾರ್ಡ್ ಪರ್ಸ್‌ನಲ್ಲೇ ಇತ್ತು. ಆದರೂ ಆಕೆ ಕಾರ್ಡ್ ನೋಡಿ ಮುಂದುವರಿಯಲಿಲ್ಲ, ಅಕ್ಕನನ್ನೇ ಕೇಳಿದಳು. ಅಕ್ಕನಿಗೆ ಆ ಕಾರ್ಡ್ ಇದ್ದದ್ದೇ ಗೊತ್ತಿರಲಿಲ್ಲ. ಅತ್ತೆ, ಮೈದುನ, ಊರಿನಿಂದ ಬಂದ ಹಿರಿಯರು ಎಲ್ಲ ಒಮ್ಮೆಲೆ ಮಾತಾಡತೊಡಗಿದರು. ಮಾನಿಟರ್‌ನಲ್ಲಿ ಗೆರೆ ಓಡುತ್ತಿದೆ, ಕೈ ಮುಟ್ಟಿದರೆ ಬೆಚ್ಚಗಿದೆ, ಹೇಗೆ ಸತ್ತ ಅಂತೀರಿ ಅಂತ ಅತ್ತೆಯ ಮಾತು. ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಅಕ್ಕ ಸುಮಾರು ಹೊತ್ತಿನ ಮೇಲೆ ಸಹಿ ಹಾಕಿದಳು. ಎರಡು ಕಿಡ್ನಿ, ಲಿವರ್, ಕಣ್ಣು ಹೋದವು.

ಐಸಿಯು_ಅಕ್ಕ

ಸುವರ್ಣಾ, ಇಷ್ಟು ಸ್ಪಷ್ಟವಾಗಿ ನಾವೂ ಹೇಳುವುದಿಲ್ಲ. ವೆಂಟಿಲೇಟರ್ ಬಿಡಿಸಿ ನೋಡುವಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಲು ಬಿಡುತ್ತಾರೆ. ಮಿದುಳಿನ ಕಾಂಡದಲ್ಲಿ ಒಂದಿಷ್ಟು ಜೀವ ಇದ್ದರೂ ಆ ಏರಿಕೆಗೆ ಎದೆ ಏಳಲೇಬೇಕು. ಹೃದಯಕ್ಕೆ ತನ್ನದೇ ವಿದ್ಯುತ್ತಿದೆ, ಮಿದುಳು ಹೋದರೂ ಆಮ್ಲಜನಕ ಸಿಗುವ ತನಕ ಅದು ಬಡಿಯುತ್ತದೆ. ಅದಕ್ಕೇ ನಿಮ್ಮ ಅಕ್ಕನ ಅತ್ತೆಗೆ ಹಾಗೆ ಅನಿಸಿದ್ದು.

ತೊಗರಿ ಅವರೇ, ಕಾಯ್ದೆಯ ಮಾತು ನೀವು ಹೇಳಿದಂತೆಯೇ ಇದೆ. ಆದರೆ ನಡೆಯುವುದು ಸುವರ್ಣಾ ಹೇಳಿದಂತೆ. ಕಾರ್ಡ್ ಇದ್ದರೂ ಹತ್ತಿರದ ಸಂಬಂಧಿಕರ ಒಪ್ಪಿಗೆ ಬರೆಸಿಕೊಳ್ಳುತ್ತಾರೆ. ಮನೆಯವರು ಬೇಡ ಅಂದರೆ ಯಾವ ಆಸ್ಪತ್ರೆಯೂ ಮುಂದೆ ಹೋಗುವುದಿಲ್ಲ. ಕಾರ್ಡ್ ಇಲ್ಲದಿದ್ದರೂ ಮನೆಯವರು ಹೂಂ ಅಂದರೆ ಕೊಡಬಹುದು.

ತೊಗರಿ_ಕಣಜ

ಹಾಗಾದರೆ ಕಾರ್ಡ್ ಯಾಕೆ? ನನ್ನ ದೇಹ, ನನ್ನ ನಿರ್ಧಾರ. ನಾನು ಹೋದ ಮೇಲೆ ಭಾವಮೈದುನ ಬಂದು ಬೇಡ ಅನ್ನುವುದು ಯಾವ ನ್ಯಾಯ?

ಬಿಸಿಲೂರ_ಹುಡುಗ

ಭಾವಮೈದುನನಿಗೆ ಬದುಕಿದ್ದಾಗಲೇ ಹೇಳಿಡ್ರಿ. ಊಟಕ್ಕೆ ಕರೆದು ಹೇಳ್ರಿ.

ಸುವರ್ಣಾ_ಹುಮನಾಬಾದ್

ಕಾರ್ಡ್‌ನಿಂದ ಉಪಯೋಗ ಆಗಲಿಲ್ಲ ಅಂತಲ್ಲ. ಪರ್ಸ್‌ನಿಂದ ಅದು ಸಿಕ್ಕ ಮೇಲೆಯೇ ಮೈದುನ "ಅಣ್ಣನಿಗೇ ಮನಸ್ಸಿತ್ತು" ಅಂತ ತಿರುಗಿದ. ಎರಡು ವರ್ಷ ಮೊದಲೇ ಅಕ್ಕನಿಗೆ ಒಂದು ಮಾತು ಹೇಳಿದ್ದರೆ ಆ ರಾತ್ರಿ ಅವಳು ಒಬ್ಬಳೇ ಎಲ್ಲರ ಬಾಯಿಗೆ ಉತ್ತರ ಕೊಡುವುದು ತಪ್ಪುತ್ತಿತ್ತು. ಊರಲ್ಲಿ ಈಗಲೂ "ಮಾರಿಕೊಂಡರು" ಅನ್ನುವವರಿದ್ದಾರೆ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಿಲ್ಲಿನಲ್ಲಿ ಅಕ್ಕ ಸಹಿ ಹಾಕಿದ ಆಮೇಲಿನ ಔಷಧ, ಐಸಿಯು ಬಾಡಿಗೆ ಎಲ್ಲ ಸೇರಿಸಿದ್ದರು. ಕೋಆರ್ಡಿನೇಟರ್‌ಗೆ ಹೇಳಿ ಜಗಳ ಆಡಿದ ಮೇಲೆ ತೆಗೆದರು.

ಐಸಿಯು_ಅಕ್ಕ

ತೆಗೆಯಲೇಬೇಕು. ಒಪ್ಪಿಗೆ ಆದ ಮೇಲೆ ದೇಹವನ್ನು ಕಾಯುವ ಖರ್ಚು, ಅಂಗ ತೆಗೆಯುವ, ಸಾಗಿಸುವ ಖರ್ಚು ಕೊಟ್ಟವರ ಮನೆಯ ಮೇಲೆ ಬೀಳಬಾರದು ಅಂತ 2014ರ ನಿಯಮದಲ್ಲೇ ಇದೆ. ಅದಕ್ಕೆ ಮುಂಚಿನ ಚಿಕಿತ್ಸೆಯ ಬಿಲ್ ಮಾತ್ರ ನಿಮ್ಮದೇ. ಒಪ್ಪಿಗೆಯ ಕಾಗದದಲ್ಲಿ ಟೈಮ್ ಇರುತ್ತದೆ, ಬಿಲ್ಲನ್ನು ಅದಕ್ಕೆ ಹಚ್ಚಿ ನೋಡಿ.

ಇರ್ಫಾನ್_ರೋಜಾ

ಒಂದು ಪ್ರಶ್ನೆ, ಕೇಳಲೋ ಬೇಡವೋ ಅಂತಿದ್ದೆ. ನಮ್ಮಲ್ಲಿ ಆದಷ್ಟು ಬೇಗ ಗುಸ್ಲ್ ಮಾಡಿಸಿ ದಫನ್ ಮಾಡಬೇಕು. ಇದರಲ್ಲಿ ಎಷ್ಟು ತಡ ಆಗುತ್ತದೆ? ಧರ್ಮದ ಮಾತು ಬೇರೆ. ನಮ್ಮ ಮೊಹಲ್ಲಾದಲ್ಲಿ ಇಬ್ಬರು ಆಲಿಮರನ್ನು ಕೇಳಿದೆ, ಒಬ್ಬರು ಜೀವ ಉಳಿಸಲು ಆಗುತ್ತದೆ ಅಂದರು, ಇನ್ನೊಬ್ಬರು ಬೇಡವೇ ಬೇಡ ಅಂದರು. ಮನೆಯಲ್ಲಿ ಇನ್ನೂ ಮಾತು ಮುಗಿದಿಲ್ಲ. ನನಗೆ ತಿಳಿಯಬೇಕಾದದ್ದು ಹೊತ್ತಿನ ಲೆಕ್ಕ.

ಐಸಿಯು_ಅಕ್ಕ

ಕಣ್ಣಿಗೆ ಏನೂ ತಡ ಇಲ್ಲ ಇರ್ಫಾನ್ ಭಾಯ್. ತಂಡ ಮನೆಗೇ ಬರುತ್ತದೆ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮೇಲೆ ಸಣ್ಣ ಪ್ಲಾಸ್ಟಿಕ್ ಕವಚ ಇಟ್ಟು ರೆಪ್ಪೆ ಮುಚ್ಚುತ್ತಾರೆ, ಮುಖ ಮೊದಲಿನಂತೆಯೇ ಕಾಣುತ್ತದೆ. ಅಂಗಾಂಗಕ್ಕೆ ಮಾತ್ರ ಹೊತ್ತು ಬೇಕು. ಎರಡು ಪರೀಕ್ಷೆ, ನಡುವೆ ಆರು ಗಂಟೆ, ಯಾರಿಗೆ ಹೊಂದುತ್ತದೆ ಅಂತ ನೋಡುವುದು, ಆಪರೇಷನ್. ಒಂದು ದಿನ ಹಿಡಿಯಿತು ಅಂತಲೇ ಇಟ್ಟುಕೊಳ್ಳಿ.

ಸುವರ್ಣಾ_ಹುಮನಾಬಾದ್

ನಮಗೆ ಅದಕ್ಕಿಂತ ಜಾಸ್ತಿ ಆಯಿತು. ಅಪಘಾತ ಆದದ್ದು ಕರ್ನಾಟಕದಲ್ಲಿ, ಸಾವು ತೆಲಂಗಾಣದಲ್ಲಿ. ಪೊಲೀಸ್ ಕಾಗದ ಇಲ್ಲಿಂದ ಅಲ್ಲಿಗೆ ಹೋಗಬೇಕು, ಪೋಸ್ಟ್‌ಮಾರ್ಟಂ ಆಗಲೇಬೇಕು. ಸಹಿ ಹಾಕಿದ ಕೂಡಲೇ ಠಾಣೆಗೆ ಒಬ್ಬರನ್ನು ಕಳಿಸಿ, ಇಲ್ಲದಿದ್ದರೆ ಎಲ್ಲ ಮುಗಿದರೂ ದೇಹ ಕೊಡುವುದಿಲ್ಲ.

ನಮ್ಮದು ಲಿಂಗಾಯತ ಮನೆ, ಕೂಡಿಸಿ ಮಣ್ಣು ಕೊಡುವುದು. ಅದಕ್ಕೂ ಹಿರಿಯರು ಹೆದರಿದ್ದರು. ಎದೆಯಿಂದ ಹೊಟ್ಟೆಯವರೆಗೆ ಹೊಲಿಗೆ ಇತ್ತು, ಬಟ್ಟೆ ಉಡಿಸಿದ ಮೇಲೆ ಕಾಣಲಿಲ್ಲ. ಕೂಡಿಸಿಯೇ ವಿಭೂತಿ ಹಚ್ಚಿ ಎಲ್ಲ ವಿಧಿ ಮಾಡಿದೆವು.

ಮಾಸ್ತರ್_ಶಹಾಪುರ

ಹೈದರಾಬಾದಿನಲ್ಲಿ ಕೊಟ್ಟರೆ ನಮ್ಮ ಕಡೆಯವರಿಗೆ ಏನು ಸಿಕ್ಕಿತು? ಕಲಬುರಗಿಯವನ ಕಿಡ್ನಿ ಕಲಬುರಗಿಯವನಿಗೇ ಸಿಗಬೇಕಲ್ಲವೇ?

ಐಸಿಯು_ಅಕ್ಕ

ಎಲ್ಲಿ ಕೊಟ್ಟರೋ ಆ ರಾಜ್ಯದ ಪಟ್ಟಿಗೆ ಮೊದಲು ಹೋಗುತ್ತದೆ ಮಾಸ್ತರ್. ತೆಲಂಗಾಣದಲ್ಲಿ ಜೀವನ್‌ದಾನ್, ಸೊಲ್ಲಾಪುರಕ್ಕೆ ಒಯ್ದರೆ ಮಹಾರಾಷ್ಟ್ರದ ಪಟ್ಟಿ. ನಮ್ಮ ಮೂರೂ ಜಿಲ್ಲೆಯವರು ತಲೆಗೆ ಪೆಟ್ಟು ಬಿದ್ದರೆ ಹೆಚ್ಚಾಗಿ ಓಡುವುದು ಈ ಎರಡು ಕಡೆಗೇ. ಹೃದಯ ತೆಗೆದ ಮೇಲೆ ನಾಲ್ಕರಿಂದ ಆರು ಗಂಟೆಯೊಳಗೆ ಇನ್ನೊಬ್ಬರ ಎದೆಯಲ್ಲಿ ಬಡಿಯಬೇಕು. ಕಿಡ್ನಿ ಒಂದು ದಿನ ತಡೆಯುತ್ತದೆ. ದೂರ ಅನ್ನುವುದು ಇಲ್ಲಿ ದೊಡ್ಡ ಮಾತು. ಶರಣು ಅವರ ನೊಟ್ಟೊ ನೋಂದಣಿ ದೇಶಕ್ಕೆಲ್ಲ ಒಂದೇ, ರಾಜ್ಯ ದಾಟಿದರೂ ಮತ್ತೆ ಮಾಡಿಸಬೇಕಿಲ್ಲ.

ಮಾಸ್ತರ್_ಶಹಾಪುರ

ನನಗೆ ಒಪ್ಪಿಗೆ ಆಗಲಿಲ್ಲ. ಇರಲಿ.

ತೊಗರಿ_ಕಣಜ

ಕಾರ್ಡ್ ನೋಡಿದರೆ ಡಾಕ್ಟರ್‌ಗಳು ಉಳಿಸಲು ಅಷ್ಟು ಒದ್ದಾಡುವುದಿಲ್ಲ ಅನ್ನುವ ಮಾತಿದೆಯಲ್ಲ, ಅದಕ್ಕೆ ಏನು ಹೇಳ್ತೀರಿ? ನಾನು ನಂಬುವುದಿಲ್ಲ, ಆದರೆ ಶರಣು ಫೋಟೋ ಹಾಕಿದರೆ ಮೊದಲ ಕಾಮೆಂಟ್ ಇದೇ ಬರುತ್ತದೆ.

ಐಸಿಯು_ಅಕ್ಕ

ರಾತ್ರಿ ಎರಡಕ್ಕೆ ತಲೆ ಒಡೆದುಕೊಂಡು ಬಂದವನ ಪರ್ಸ್ ತೆಗೆದು ನೋಡುವಷ್ಟು ಪುರುಸೊತ್ತು ನನಗಂತೂ ಯಾವತ್ತೂ ಸಿಕ್ಕಿಲ್ಲ. ಸಾವನ್ನು ಖಾತ್ರಿ ಮಾಡುವ ನಾಲ್ವರಲ್ಲಿ ಕಸಿ ಮಾಡುವ ತಂಡದವರು ಯಾರೂ ಇರುವ ಹಾಗಿಲ್ಲ. ನಾವು ಅಳತೆ ತಪ್ಪದೆ ಬಿಪಿ, ಉಪ್ಪಿನಂಶ, ಮೈಬಿಸಿ ಕಾಯದಿದ್ದರೆ ಮೊದಲು ಕೆಡುವುದು ಆ ಅಂಗಗಳೇ. ಅಂದರೆ ಚಿಕಿತ್ಸೆ ಕಡಿಮೆ ಮಾಡಿ ಅಂಗ ಪಡೆಯುತ್ತೇವೆ ಅನ್ನುವ ಲೆಕ್ಕವೇ ಕೂಡುವುದಿಲ್ಲ. ಇಷ್ಟು ಹೇಳಿದರೂ ನಂಬದವರು ಇರುತ್ತಾರೆ. ಸುವರ್ಣಾ ಅವರ ಬಿಲ್ಲಿನಂಥ ಕಥೆ ಕೇಳಿದ ಮೇಲೆ ಅವರನ್ನೂ ಬೈಯಲಾರೆ.

ಬಿಸಿಲೂರ_ಹುಡುಗ

ಫೋಟೋದ ಮಾತಿಗೆ ಬರೋಣ. ಕಾರ್ಡ್‌ನಲ್ಲಿ ನೋಂದಣಿ ನಂಬರ್ ಎಲ್ಲ ಇರುತ್ತದೆ, ಅದು ಕಾಣದಂತೆ ಮಾಡಿ. ಹೊಸ ಖಾತೆಯವರು ಈಗಷ್ಟೇ ಬಂದು ಹೋದದ್ದು ನೋಡಿದಿರಲ್ಲ. ಮತ್ತೆ ಮಗ ಕಾರ್ಡ್ ಹಿಡಿದಿದ್ದಾನಾ?

ಶರಣು_ಗಂಜ್

ಹಿಡಿದಿದ್ದಾನೆ, ಅಜ್ಜಿದು 😄 ಅವನಿಗೆ ಹದಿನೆಂಟು ಆಗಿಲ್ಲ, ಆಧಾರ್ ಹಾಕಿದರೆ ಸೈಟ್ ತೆಗೆದುಕೊಳ್ಳಲಿಲ್ಲ. ಅವನು ಫೋಟೋದಲ್ಲಿ ಇರಲಿ, "ಇಡೀ ಕುಟುಂಬ" ಅನ್ನುವ ಮಾತನ್ನು ಮಾತ್ರ ತೆಗೆಯುತ್ತೇನೆ. ಈಗ ನೋಡಿ:

"ಅಪ್ಪ, ಅವ್ವ, ನಾನು, ನನ್ನ ಹೆಂಡತಿ ಅಂಗಾಂಗ ದಾನಕ್ಕೆ ಹೆಸರು ಕೊಟ್ಟಿದ್ದೇವೆ. ಮನೆಯಲ್ಲಿ ತೀರಿಕೊಂಡರೆ ಕಣ್ಣು ಕೊಡಬಹುದು. ಕಿಡ್ನಿ, ಲಿವರ್ ಕೊಡಲು ಆಗುವುದು ಐಸಿಯುನಲ್ಲಿ ಮಿದುಳು ಸತ್ತಿದೆ ಅಂತ ಡಾಕ್ಟರ್‌ಗಳು ಎರಡು ಸಲ ನೋಡಿ ಬರೆದುಕೊಟ್ಟಾಗ ಮಾತ್ರ. ಆಗಲೂ ಕಾರ್ಡ್ ಇದ್ದರೆ ಸಾಲದು, ಮನೆಯವರನ್ನು ಕೇಳುತ್ತಾರೆ. ಅದಕ್ಕೆ ನಾವು ಒಬ್ಬರಿಗೊಬ್ಬರು ಹೇಳಿಕೊಂಡಿದ್ದೇವೆ. ಆಧಾರ್ ಇದ್ದರೆ ನೋಂದಣಿ ಮೊಬೈಲ್‌ನಲ್ಲೇ ಆಗುತ್ತದೆ, ಮನಸ್ಸು ಬದಲಾದರೆ ವಾಪಸ್ ತೆಗೆಯಲೂ ಬರುತ್ತದೆ."

ಸುವರ್ಣಾ_ಹುಮನಾಬಾದ್

ಇದು ಸರಿ ಇದೆ. ಎಲ್ಲೂ "ನೀವೂ ಮಾಡಿ" ಅನ್ನಲಿಲ್ಲ.

ಮಾಸ್ತರ್_ಶಹಾಪುರ

ಆಸ್ಪತ್ರೆಯ ನೋಟೀಸ್ ಬೋರ್ಡ್ ಆಯಿತು. ರಸವೇ ಇಲ್ಲ. ಕಡೆಗೆ ಒಂದು ವಚನವಾದರೂ ಹಾಕಿ.

ಇರ್ಫಾನ್_ರೋಜಾ

ನನಗೆ ಹಿಡಿಸಿತು. ವಾಪಸ್ ತೆಗೆಯಬಹುದು ಅನ್ನುವ ಸಾಲು ಖಂಡಿತ ಇರಲಿ. ನಮ್ಮಂಥ ಇನ್ನೂ ನಿರ್ಧಾರ ಆಗದ ಮನೆಯವರು ಅದನ್ನು ಓದಿದರೆ ಬಾಗಿಲು ಹಾಕಿಕೊಳ್ಳುವುದಿಲ್ಲ.

ತೊಗರಿ_ಕಣಜ

ಕಣ್ಣಿಗೆ ಎರಡು ಗಂಟೆಯೊಳಗೆ ಅಂತ ಸೇರಿಸಿ.

ಐಸಿಯು_ಅಕ್ಕ

ಆರು ಗಂಟೆಯೊಳಗೆ. ಬೇಗ ಆದಷ್ಟು ಒಳ್ಳೆಯದು, ಅದರಲ್ಲೂ ನಮ್ಮ ಮೇ ತಿಂಗಳಲ್ಲಿ. ನಮ್ಮ ಕಡೆ ಒಂದು ರೂಢಿ ಇದೆ, ಸತ್ತವರ ಮುಖಕ್ಕೆ ನೇರವಾಗಿ ಕೂಲರ್ ತಿರುಗಿಸಿ ಇಡುತ್ತಾರೆ. ಕಾರ್ನಿಯಾ ಒಣಗಿ ಹೋಗುತ್ತದೆ. ಫ್ಯಾನ್, ಕೂಲರ್ ಬಂದ್ ಮಾಡಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಗೆ ದಿಂಬು ಕೊಟ್ಟು ಎತ್ತರಿಸಿ. ಎಸಿ ಇದ್ದರೆ ನಡೆಯುತ್ತದೆ. ಹತ್ತಿರದ ಕಣ್ಣಿನ ಬ್ಯಾಂಕ್ ನಂಬರನ್ನು ಇವತ್ತೇ ಫೋನ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಹುಡುಕಲು ಯಾರಿಗೂ ಕೈ ಬರುವುದಿಲ್ಲ. ಬೇರೆ ಏನೇ ಇದ್ದರೂ ನೊಟ್ಟೊ ಸಹಾಯವಾಣಿ ಇದೆ, 1800-11-4770, ಬರಹದ ಕೆಳಗೆ ಅದನ್ನು ಹಾಕಬಹುದು.

ಬಿಸಿಲೂರ_ಹುಡುಗ

ಕೂಲರ್ ಮಾತು ಕಾರ್ಡ್‌ಗಿಂತ ಮುಖ್ಯ ಅನಿಸಿತು. ಅದನ್ನು ಬೇರೆ ಪೋಸ್ಟ್ ಮಾಡ್ರಿ, ಒಂದೇ ಬರಹಕ್ಕೆ ಎಲ್ಲ ತುಂಬಿದರೆ ಯಾರೂ ಕೊನೆತನಕ ಓದುವುದಿಲ್ಲ.

ಭೀಮು_ಯಾದಗಿರಿ

ಅಕ್ಕಾ, ಅವ್ವ ಕೊಡಲು ತಯಾರಿದ್ದಾಳೆ. ಅವಳದು ಓ ಪಾಸಿಟಿವ್. ತಮ್ಮನದು ಬಿ. ಆಗುತ್ತದಾ?

ಐಸಿಯು_ಅಕ್ಕ

ಓ ಗುಂಪಿನವರು ಬಿ ಗುಂಪಿನವರಿಗೆ ಕೊಡಬಹುದು. ಅವ್ವನಿಗೆ ಶುಗರ್, ಬಿಪಿ ಇದೆಯಾ? ವಯಸ್ಸೆಷ್ಟು? ಇದ್ದರೆ ಕಷ್ಟ ಆಗಬಹುದು, ಆದರೆ ಅದನ್ನು ಕಿಡ್ನಿ ಡಾಕ್ಟರೇ ಹೇಳಬೇಕು. ಅವ್ವನನ್ನೂ ಕರೆದುಕೊಂಡೇ ಹೋಗಿ.

ಭೀಮು_ಯಾದಗಿರಿ

ಐವತ್ತೆರಡು. ಶುಗರ್ ಇಲ್ಲ, ಬಿಪಿ ಗುಳಿಗೆ ಒಂದು ತಗೊಳ್ತಾಳೆ. ಸೋಮವಾರ ಡಯಾಲಿಸಿಸ್ ಇದೆ, ಅಲ್ಲೇ ಕೇಳುತ್ತೇನೆ.

ಶರಣು_ಗಂಜ್

ಏನಾಯಿತು ಅಂತ ಇಲ್ಲೇ ಬರೆಯಿರಿ ಭೀಮು ಅಣ್ಣಾ. ನನ್ನ ಫೋಟೋ ನಾಳೆ ಹಾಕುತ್ತೇನೆ, ಮಾಸ್ತರ್ ವಚನ ಬಿಟ್ಟು.

ಮಾಸ್ತರ್_ಶಹಾಪುರ

ಹಾಕಿದ ಮೇಲೆ ಕಾಮೆಂಟಿನಲ್ಲಿ ನಾನೇ ಹಾಕುತ್ತೇನೆ ಬಿಡಿ.